ಬಸುರಿನ ಮೊದಲ ವಾರಗಳಲ್ಲಿ ರಕ್ತ ಮತ್ತು ನೋವು: ಏನನ್ನು ಗಮನಿಸಬೇಕು, ಯಾವಾಗ ಹೊರಡಬೇಕು

ಕಳೆದ ಅಡಿಕೆ ಕೊಯ್ಲಿನ ಸಮಯದಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಕಡೆಯ ಹಳ್ಳಿಯೊಂದರಿಂದ ಮೂವತ್ತರ ಆಸುಪಾಸಿನ ಮಹಿಳೆಯೊಬ್ಬರು ತಮ್ಮ ಗಂಡನೊಂದಿಗೆ ನನ್ನ ಬಳಿಗೆ ಬಂದರು. ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಅದು 43ನೆಯ ದಿನ. ಮನೆಯಲ್ಲೇ ಮಾಡಿದ ಮೂತ್ರಪರೀಕ್ಷೆಯಲ್ಲಿ ಎರಡು ಗೆರೆ ಬಂದು ಒಂದು ವಾರವಾಗಿತ್ತು. ಹಿಂದಿನ ದಿನದಿಂದ ಬಟ್ಟೆಯಲ್ಲಿ ಕಾಫಿಯ ಬಣ್ಣದ ಸಣ್ಣ ಕಲೆಗಳು ಕಾಣಿಸುತ್ತಿದ್ದವು, ಕಿಬ್ಬೊಟ್ಟೆಯ ಬಲಬದಿಯಲ್ಲಿ ಬಿಟ್ಟು ಬಿಟ್ಟು ಚುಚ್ಚುವ ನೋವಿತ್ತು. "ಉಷ್ಣ ಆದದ್ದು, ಎಳನೀರು ಕುಡಿದು ಮಲಗು" ಎಂದು ಮನೆಯ ಹಿರಿಯರು ಹೇಳಿದ್ದರಂತೆ. ರಕ್ತ ಹೋದದ್ದು ಅಷ್ಟು ಕಡಿಮೆ ಇದ್ದುದರಿಂದ ಆ ಮಾತು ಅವರಿಗೂ ಸರಿಯೆನಿಸಿತ್ತು.

ಬಸುರಿನ ಮೊದಲ ಮೂರು ತಿಂಗಳಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಸ್ವಲ್ಪವಾದರೂ ರಕ್ತ ಕಾಣಿಸಿಕೊಳ್ಳುತ್ತದೆ. ಅವರಲ್ಲಿ ಅನೇಕರ ಬಸುರು ಯಾವ ತೊಂದರೆಯೂ ಇಲ್ಲದೆ ಮುಂದುವರಿಯುತ್ತದೆ, ಕೆಲವರಿಗೆ ಗರ್ಭಪಾತವಾಗುತ್ತದೆ. ಇನ್ನು ನೂರು ಬಸುರಿನಲ್ಲಿ ಒಂದೋ ಎರಡೋ ಗರ್ಭಕೋಶದ ಹೊರಗೆ, ಹೆಚ್ಚಾಗಿ ಗರ್ಭನಾಳದಲ್ಲಿ, ಬೆಳೆಯತೊಡಗುತ್ತವೆ. ಸಣ್ಣ ಕೊಳವೆಯಂತಿರುವ ಆ ನಾಳಕ್ಕೆ ಗರ್ಭಕೋಶದಂತೆ ಹಿಗ್ಗುವ ಶಕ್ತಿಯಿಲ್ಲ. ಸಾಮಾನ್ಯವಾಗಿ ಆರರಿಂದ ಎಂಟನೆಯ ವಾರದ ಹೊತ್ತಿಗೆ ನೋವು ಶುರುವಾಗುತ್ತದೆ, ನಾಳ ಒಡೆದರೆ ರಕ್ತವು ಹೊಟ್ಟೆಯೊಳಗೆ ಸುರಿಯುತ್ತದೆ. ಹೀಗೆ ಒಳಗೆ ಸುರಿದ ರಕ್ತ ಹೊರಗೆ ಕಾಣುವುದಿಲ್ಲವಾದ್ದರಿಂದ, ಬಟ್ಟೆಯಲ್ಲಿ ಕಂಡ ರಕ್ತ ಎಷ್ಟೆಂದು ನೋಡಿ ಅಪಾಯವನ್ನು ಅಳೆಯಲು ಬರುವುದಿಲ್ಲ.

ಹಾಗಾದರೆ ಮನೆಯಲ್ಲಿ ಮೊದಲು ಮಾಡಬೇಕಾದದ್ದೇನು? ಒಂದು ಕಾಗದದಲ್ಲಿ ಕೊನೆಯ ಮುಟ್ಟಿನ ಮೊದಲ ದಿನಾಂಕ, ಮೂತ್ರಪರೀಕ್ಷೆ ಮಾಡಿದ ದಿನ, ರಕ್ತ ಶುರುವಾದ ಹೊತ್ತು ಮತ್ತು ಅದರ ಬಣ್ಣ, ನೋವು ಯಾವ ಬದಿಯಲ್ಲಿದೆ ಎಂಬುದನ್ನು ಬರೆದಿಡಬೇಕು. ಗೊತ್ತಿದ್ದರೆ ರಕ್ತದ ಗುಂಪನ್ನೂ ಸೇರಿಸಬೇಕು, ಏಕೆಂದರೆ ನೆಗೆಟಿವ್ ಗುಂಪಿನವರಿಗೆ 72 ಗಂಟೆಯೊಳಗೆ ಆಂಟಿ-ಡಿ ಚುಚ್ಚುಮದ್ದು ಬೇಕಾಗಬಹುದು. ಆಸ್ಪತ್ರೆಯ ಗಡಿಬಿಡಿಯಲ್ಲಿ ಮಲಯಾಳದಲ್ಲಿ ಕೇಳಿದ ಪ್ರಶ್ನೆಗೆ ಕನ್ನಡದಲ್ಲೋ ತುಳುವಿನಲ್ಲೋ ಉತ್ತರ ಹುಡುಕುವ ನಮ್ಮ ಕಡೆಯವರಿಗೆ ಈ ಒಂದು ಕಾಗದ ಎಷ್ಟು ಉಪಕಾರವೆಂಬುದನ್ನು ನಾನು ಹಲವು ಬಾರಿ ಕಂಡಿದ್ದೇನೆ. ಹಿಂದೆ ನಾಳದಲ್ಲಿ ಬಸುರು ನಿಂತಿದ್ದರೆ, ಮಕ್ಕಳಾಗದಂತೆ ಆಪರೇಷನ್ ಆಗಿದ್ದರೆ ಅಥವಾ ಕಾಪರ್-ಟಿ ಹಾಕಿದ್ದರೆ ಅದನ್ನು ಕೇಳದಿದ್ದರೂ ಹೇಳಲೇಬೇಕು. ಇವು ಯಾವುವೂ ಇಲ್ಲದವರಲ್ಲಿಯೂ ನಾಳದ ಬಸುರು ಆಗುತ್ತದೆ.

ನೋವಿನ ಜೊತೆ ರಕ್ತ ಕಂಡರೆ, ಎಷ್ಟೇ ಕಡಿಮೆ ಇರಲಿ, ಅದೇ ದಿನ ಸ್ಕ್ಯಾನ್ ಇರುವ ಆಸ್ಪತ್ರೆಗೆ ಹೋಗಬೇಕು. ನಾನು ಆ ಮಹಿಳೆಗೆ ಯೋನಿಯ ಮೂಲಕ ಸ್ಕ್ಯಾನ್ ಮಾಡಿದಾಗ ಗರ್ಭಕೋಶದಲ್ಲಿ ಏನೂ ಕಾಣಲಿಲ್ಲ, ಹೊರಗೂ ಕಾಣಲಿಲ್ಲ. ಹೀಗೆ ಏನೂ ಕಾಣದ ವರದಿಯನ್ನು "ತೊಂದರೆ ಇಲ್ಲ" ಎಂದು ಓದಿಕೊಳ್ಳುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಬಸುರು ಇನ್ನೂ ಕಾಣದಷ್ಟು ಎಳೆಯದಿರಬಹುದು, ಆಗಲೇ ಇಳಿದು ಹೋಗಿರಬಹುದು, ನಾಳದಲ್ಲಿಯೂ ಇರಬಹುದು. ಈ ಮೂರರಲ್ಲಿ ಯಾವುದೆಂದು ತಿಳಿಯಲು ರಕ್ತದಲ್ಲಿ ಎಚ್‌ಸಿಜಿ ಎಂಬ ಹಾರ್ಮೋನನ್ನು ಅಳೆದು, 48 ಗಂಟೆಗಳ ನಂತರ ಮತ್ತೊಮ್ಮೆ, ಆದಷ್ಟು ಅದೇ ಲ್ಯಾಬಿನಲ್ಲಿ, ಅಳೆಯುತ್ತಾರೆ.

ಅವರ ಮೊದಲ ಸಂಖ್ಯೆ 1,300. ಬಸುರು ಸರಿಯಾಗಿ ಬೆಳೆಯುತ್ತಿದ್ದರೆ ಈ ಮಟ್ಟದಲ್ಲಿ ಎರಡು ದಿನಕ್ಕೆ ಕಡಿಮೆಯೆಂದರೂ ಅರ್ಧದಷ್ಟು ಏರಿ 1,950ರ ಹತ್ತಿರ ಬರಬೇಕಿತ್ತು, ಗರ್ಭಪಾತವಾಗಿದ್ದರೆ ಚೆನ್ನಾಗಿ ಇಳಿಯಬೇಕಿತ್ತು. ಬಂದದ್ದು 1,560. ಏರಿತ್ತು, ಆದರೆ ಸಾಲದಷ್ಟು. ಎರಡನೆಯ ಸ್ಕ್ಯಾನಿನಲ್ಲಿ ಬಲ ಅಂಡಾಶಯದ ಪಕ್ಕ ಸಣ್ಣ ಗಂಟೊಂದು ಕಂಡಿತು. ಏರಿಕೆ ಸರಿಯಿದ್ದ ಮಾತ್ರಕ್ಕೆ ನಾಳದ ಬಸುರಲ್ಲವೆಂದು ಹೇಳಲಾಗದು. ಆದ್ದರಿಂದ ಬಸುರು ಎಲ್ಲಿದೆಯೆಂದು ಕಣ್ಣಿಗೆ ಕಾಣುವವರೆಗೆ ವೈದ್ಯರು ಕರೆದಾಗಲೆಲ್ಲ ಹೋಗಬೇಕು.

ನಾಡಿ, ಬಿಪಿ ಸ್ಥಿರವಾಗಿದ್ದು, ಗಂಟು ಚಿಕ್ಕದಿದ್ದುದರಿಂದ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು ಕೊಟ್ಟೆವು. ಇದು ಬೆಳೆಯುವ ಜೀವಕೋಶಗಳನ್ನು ತಡೆದು ನಾಳದ ಬಸುರನ್ನು ನಿಧಾನವಾಗಿ ಕರಗಿಸುವ ಔಷಧ. ಇದನ್ನು ಪಡೆದವರು ಫೋಲಿಕ್ ಆಸಿಡ್ ಮಾತ್ರೆಯನ್ನು ನಿಲ್ಲಿಸಬೇಕು. ನಾಲ್ಕನೆಯ ಮತ್ತು ಏಳನೆಯ ದಿನ ಎಚ್‌ಸಿಜಿ ಪರೀಕ್ಷೆಗೆ ಬರಲು ಹೇಳಿದೆ. ಔಷಧ ಹೋದ ಮೇಲೂ ನಾಳ ಒಡೆಯುವ ಸಾಧ್ಯತೆ ಇರುತ್ತದೆಯಾದ್ದರಿಂದ, ಗಂಡನನ್ನು ಎದುರಿಗೆ ಕೂರಿಸಿ ಕೆಲವು ಲಕ್ಷಣಗಳನ್ನು ಹೇಳಿ, ಅವನ್ನು ಅವರ ಬಾಯಿಂದಲೇ ಮತ್ತೆ ಹೇಳಿಸಿದೆ.

ಒಮ್ಮೆಲೇ ತೀವ್ರವಾಗುವ ಹೊಟ್ಟೆನೋವು. ಎದ್ದು ನಿಂತಾಗ ತಲೆ ತಿರುಗಿ ಕಣ್ಣು ಕತ್ತಲೆ ಬರುವುದು. ಮೈ ತಣ್ಣಗಾಗಿ ಬೆವರುವುದು. ಮಲವಿಸರ್ಜನೆಗೆ ಕುಳಿತಾಗ ಒತ್ತಿದಂತಹ ನೋವು. ಮತ್ತು ಹೆಗಲ ತುದಿಯ ನೋವು. ಈ ಕೊನೆಯದನ್ನು ಜನ ನಂಬುವುದೇ ಇಲ್ಲ. ಹೊಟ್ಟೆಯೊಳಗೆ ಸುರಿದ ರಕ್ತ ಮೇಲಕ್ಕೆ ಹರಿದು, ಎದೆಗೂ ಹೊಟ್ಟೆಗೂ ನಡುವಿನ ಪದರವಾದ ವಪೆಯನ್ನು ಕೆರಳಿಸುತ್ತದೆ, ವಪೆಯ ನರ ಮತ್ತು ಹೆಗಲಿನ ನರ ಕುತ್ತಿಗೆಯಲ್ಲಿ ಒಂದೇ ಮೂಲದಿಂದ ಹೊರಡುವುದರಿಂದ ನೋವು ಹೆಗಲಲ್ಲಿ ಎದ್ದಂತೆ ಭಾಸವಾಗುತ್ತದೆ. ಮಲಗಿದಾಗ ಅದು ಹೆಚ್ಚುತ್ತದೆ, ತೈಲ ತಿಕ್ಕಿದರೆ ಇಳಿಯುವುದಿಲ್ಲ.

ಐದನೆಯ ದಿನ ರಾತ್ರಿ ಅವರಿಗೆ ಆದದ್ದೂ ಅದೇ. ತಲೆದಿಂಬು ಸರಿಯಿಲ್ಲದೆ ಹೆಗಲು ಹಿಡಿದಿರಬೇಕೆಂದು ಅವರು ಅಂದುಕೊಂಡರೂ, ಬಚ್ಚಲಿನಿಂದ ಬರುವಾಗ ಗೋಡೆ ಹಿಡಿದು ನಿಂತದ್ದನ್ನು ಕಂಡ ಗಂಡ ಬೆಳಗಾಗಲೆಂದು ಕಾಯಲಿಲ್ಲ. ಬಂದಾಗ ನಾಡಿ 124, ಬಿಪಿ 84/50, ಹೊಟ್ಟೆ ಬಿಗಿ. ಬಟ್ಟೆಯಲ್ಲಿದ್ದದ್ದು ಆಗಲೂ ಒಂದೇ ಕಲೆ. ರಕ್ತ ಕೊಡುತ್ತಲೇ ಶಸ್ತ್ರಚಿಕಿತ್ಸೆ ಮಾಡಿ ಒಡೆದ ಬಲನಾಳವನ್ನು ತೆಗೆದೆವು.

ಇಂತಹ ಲಕ್ಷಣ ಕಂಡಾಗ 108ಕ್ಕೆ ಕರೆಮಾಡಿ, ಅಥವಾ ಹತ್ತಿರದ ಜೀಪೋ ಆಟೋವೋ ಹಿಡಿದು, ಮಲಗಿಸಿಯೇ ಕರೆದೊಯ್ಯಬೇಕು. ಸ್ಕೂಟರಿನ ಹಿಂದೆ ಕೂರಿಸಬಾರದು. ಶಸ್ತ್ರಚಿಕಿತ್ಸೆ ಬೇಕಾಗಬಹುದಾದ್ದರಿಂದ ಗಂಜಿ, ಕಷಾಯ, ನೀರು ಏನನ್ನೂ ಕೊಡಬಾರದು. ರಕ್ತ ಮತ್ತು ಆಪರೇಷನ್ ಸೌಲಭ್ಯ ಎರಡೂ ಇರುವ ಆಸ್ಪತ್ರೆಗೆ ನೇರವಾಗಿ ಹೋಗುವುದು ಮುಖ್ಯ. ಮಂಗಳೂರಿಗೇ ಹೋಗೋಣವೆಂದು ಹೊರಡುವ ಅಭ್ಯಾಸ ನಮ್ಮಲ್ಲಿದೆ; ಪ್ರಜ್ಞೆ ತಪ್ಪುವಂತಿದ್ದರೆ ಹತ್ತಿರದಲ್ಲಿ ಸೌಲಭ್ಯವಿರುವಾಗ ಗಡಿ ದಾಟುವ ಹಟ ಬೇಡ.

ಗರ್ಭಪಾತದ ನೋವು ಸಾಮಾನ್ಯವಾಗಿ ಮುಟ್ಟಿನ ನೋವಿನಂತೆ ಹೊಟ್ಟೆಯ ನಡುವೆ ಹಿಂಡುತ್ತದೆ, ರಕ್ತ ಹೆಚ್ಚು ಮತ್ತು ಕೆಂಪಾಗಿರುತ್ತದೆ, ಗಡ್ಡೆಗಳು ಬೀಳುತ್ತವೆ. ಗಂಟೆಗೆ ಎರಡು ದೊಡ್ಡ ಪ್ಯಾಡ್ ಪೂರ್ತಿ ನೆನೆದು ಅದು ಎರಡು ಗಂಟೆ ಮುಂದುವರಿದರೆ, ಜ್ವರ ಬಂದರೆ ಅಥವಾ ಸ್ರಾವ ನಾತ ಹೊಡೆದರೆ ಆಗಲೂ ತಡಮಾಡಬಾರದು. ಮಾಂಸದ ತುಣುಕಿನಂತಹದು ಬಿದ್ದರೆ ಎಸೆಯದೆ ಚೊಕ್ಕ ಡಬ್ಬಿಯಲ್ಲಿ ತರಬೇಕು; ನಾಳದ ಬಸುರಿನಲ್ಲಿಯೂ ಗರ್ಭಕೋಶದ ಒಳಪದರ ಹೀಗೆ ಕಳಚಿ ಬೀಳುವುದುಂಟು, ಅದನ್ನು ಕಂಡು ಗರ್ಭ ಇಳಿಯಿತೆಂದು ಮನೆಯಲ್ಲೇ ತೀರ್ಮಾನಿಸಿದವರು ಮೋಸಹೋಗಿದ್ದಾರೆ. ಸ್ಕ್ಯಾನ್ ಮಾಡಿಸದೆ ಮೆಡಿಕಲ್ ಅಂಗಡಿಯಿಂದ ಗರ್ಭಪಾತದ ಮಾತ್ರೆ ತಂದು ನುಂಗಿದವರ ಪಾಡೂ ಇದೇ. ಆ ಮಾತ್ರೆ ನಾಳದ ಬಸುರನ್ನು ನಿಲ್ಲಿಸುವುದಿಲ್ಲ, ಆದರೆ ರಕ್ತವನ್ನು ಬರಿಸುತ್ತದೆ, ರಕ್ತ ಬಂದದ್ದರಿಂದ ಎಲ್ಲ ಮುಗಿಯಿತೆಂದು ಮನಸ್ಸು ನಿರಾಳವಾಗುತ್ತದೆ.

ಆ ಮಹಿಳೆಯ ಎಡನಾಳ ಚೆನ್ನಾಗಿದೆ. ಮೆಥೊಟ್ರೆಕ್ಸೇಟ್ ಪಡೆದಿದ್ದರಿಂದ ಮೂರು ತಿಂಗಳು ಬಸುರು ಬೇಡವೆಂದೂ, ಮುಂದೆ ಮುಟ್ಟು ತಪ್ಪಿದಾಗ ರಕ್ತ ಕಾಣುವವರೆಗೆ ಕಾಯದೆ ಆರನೆಯ ವಾರಕ್ಕೇ ಸ್ಕ್ಯಾನಿಗೆ ಬರಬೇಕೆಂದೂ ಬಿಡುಗಡೆಯ ಚೀಟಿಯ ಹಿಂಬದಿಯಲ್ಲಿ ಕನ್ನಡದಲ್ಲಿ ಬರೆದುಕೊಟ್ಟೆ.