ಬಬಲ್ ಟೀಯಲ್ಲಿ ಸಕ್ಕರೆ ಎರಡು ಕಡೆ ಇರುತ್ತದೆ

ನಾವಿರುವುದು ತೈವಾನ್‌ನ ಶಿಂಚು ಊರಿನಲ್ಲಿ. ಸಬ್ಬಕ್ಕಿಯಂಥ ಕಪ್ಪು ಮುತ್ತುಗಳನ್ನು ಹಾಕಿದ ತಣ್ಣನೆಯ ಹಾಲಿನ ಟೀಯೇ ಬಬಲ್ ಟೀ, ಅದು 1980ರ ದಶಕದಲ್ಲಿ ಹುಟ್ಟಿದ್ದು ಇದೇ ದೇಶದಲ್ಲಿ. ಇಲ್ಲಿ ಬೀದಿಗೊಂದು ಟೀ ಅಂಗಡಿ ಇದೆ. ನನಗೆ ಇದು ತುಂಬಾ ಇಷ್ಟ, ಬಿಡುವ ಯೋಚನೆಯೂ ಇಲ್ಲ. ಹಾಗಾಗಿ ಒಂದು ಲೋಟದಲ್ಲಿ ಏನೇನು, ಎಷ್ಟೆಷ್ಟು ಇರುತ್ತದೆ ಎಂದು ತೂಕದ ಯಂತ್ರ ಇಟ್ಟುಕೊಂಡು ನೋಡಿದೆ.

ಇಲ್ಲಿನ ಅಂಗಡಿಗಳಲ್ಲಿ ಸಕ್ಕರೆ ಎಷ್ಟು ಬೇಕು ಎಂದು ಕೇಳಿಯೇ ಟೀ ಮಾಡುತ್ತಾರೆ. ಪೂರ್ತಿ, ಅರ್ಧ, ಸುಮಾರು ಶೇಕಡಾ 30, ಇಲ್ಲವೇ ಇಲ್ಲ. ಈ ಅಳತೆ ಟೀಗೆ ಸುರಿಯುವ ಪಾಕಕ್ಕೆ ಮಾತ್ರ. ಕಪ್ಪು ಮುತ್ತುಗಳು ಅದಕ್ಕೂ ಮೊದಲೇ ಕಂದು ಸಕ್ಕರೆ ಪಾಕದಲ್ಲಿ ನೆಂದಿರುತ್ತವೆ. ಪಾಕ ಇಲ್ಲದಿದ್ದರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೇಗ ಗಟ್ಟಿಯೂ ಆಗುತ್ತವೆ. ಹಾಗಾಗಿ 'ಸಕ್ಕರೆ ಬೇಡ' ಎಂದರೂ ಮುತ್ತಿನ ಜೊತೆ ಸಕ್ಕರೆ ಬಂದೇ ಬರುತ್ತದೆ.

ಅಂಗಡಿಯ ರುಚಿಗೆ ಹತ್ತಿರ ಬರುವ ಹಾಗೆ 700 ಮಿ.ಲೀ. ದೊಡ್ಡ ಲೋಟವನ್ನು ಮನೆಯಲ್ಲಿ ಮಾಡಿ ಲೆಕ್ಕ ಹಾಕಿದೆ. ಪೂರ್ತಿ ಸಿಹಿಗೆ ಟೀಯಲ್ಲಿ 50 ಗ್ರಾಂ ಸಕ್ಕರೆ ಬೇಕಾಯಿತು, ಅದು 200 ಕ್ಯಾಲೊರಿ. ಒಣ ಮುತ್ತು 35 ಗ್ರಾಂ, ಸುಮಾರು 125 ಕ್ಯಾಲೊರಿ. ಅದು ಹೀರಿಕೊಂಡ ಪಾಕದಲ್ಲಿ 15 ಗ್ರಾಂ ಸಕ್ಕರೆ, ಇನ್ನೊಂದು 60. ಹಾಲಿನ ಬದಲು ಹಾಕುವ ಕ್ರೀಮರ್ ಪುಡಿ 30 ಗ್ರಾಂ, ಅದು ಹತ್ತಿರ ಹತ್ತಿರ 160. ಎಲ್ಲಾ ಸೇರಿ 545 ಕ್ಯಾಲೊರಿ. ಒಂದು ಊಟದಷ್ಟೇ ಆಯಿತು, ಆದರೆ ಊಟದ ಹಾಗೆ ಹೊಟ್ಟೆ ತುಂಬುವುದಿಲ್ಲ.

ಸಕ್ಕರೆಯೊಂದೇ 65 ಗ್ರಾಂ. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ಸೇರಿಸಿದ ಸಕ್ಕರೆ 50 ಗ್ರಾಂ ದಾಟಬಾರದು, 25ರೊಳಗೆ ಇದ್ದರೆ ಇನ್ನೂ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಬೆಳಗಿನ ಕಾಫಿ, ಬಿಸ್ಕತ್ತು ಇದರಲ್ಲಿ ಇನ್ನೂ ಸೇರಿಲ್ಲ.

ಇಷ್ಟು ಸಿಹಿ ಕುಡಿದರೂ ಯಾಕೆ ಗೊತ್ತಾಗುವುದಿಲ್ಲ? ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ಅನ್ನಿಸುತ್ತದೆ. ಅಂಗಡಿಯಿಂದ ತಂದ ಟೀಯನ್ನು ಸ್ವಲ್ಪ ಬೇರೆ ಲೋಟಕ್ಕೆ, ಐಸ್ ಬಾರದ ಹಾಗೆ ಸೋಸಿ ಇಡಿ. ತಣ್ಣಗಿರುವುದು ಪೂರ್ತಿ ಹೋದ ಮೇಲೆ ಒಂದು ಗುಟುಕು ಕುಡಿದು ನೋಡಿ. ಪಾಯಸದ ಹಾಗೆ ಸಿಹಿ ಅನ್ನಿಸಿದರೆ ಅಷ್ಟು ಸಕ್ಕರೆ ಇದೆ ಎಂದೇ ಅರ್ಥ.

ಮುತ್ತಿನ ಬಗ್ಗೆ ಒಂದು ಮಾತು. ಅದು ಮರಗೆಣಸಿನ ಪಿಷ್ಟ, ನಮ್ಮ ಸಬ್ಬಕ್ಕಿಯೂ ಅದೇ. ನಾರು ಇಲ್ಲ, ಪ್ರೋಟೀನ್ ಹೆಚ್ಚುಕಡಿಮೆ ಇಲ್ಲವೇ ಇಲ್ಲ. 35 ಗ್ರಾಂ ಒಣ ಮುತ್ತೆಂದರೆ ಒಂದು ಪುಟ್ಟ ಬಟ್ಟಲು ಅನ್ನದಷ್ಟು ಪಿಷ್ಟ. ಅತ್ತೆ ಊರಿಂದ ಬಂದಿದ್ದಾಗ, "ಸಕ್ಕರೆ ಹಾಕದೆ ಕೊಡಿಸಮ್ಮ, ನಾನೂ ಕುಡೀಬಹುದು ಅಲ್ವಾ?" ಎಂದು ಕೇಳಿದರು. ಅವರಿಗೆ ಸಕ್ಕರೆ ಕಾಯಿಲೆ ಇದೆ. "ಮುತ್ತೂ ಬೇಡ ಅತ್ತೆ, ಅದು ಅನ್ನದ ಲೆಕ್ಕ" ಎಂದು ಹೇಳಿ, ಮುತ್ತಿಲ್ಲದ, ಸಕ್ಕರೆಯಿಲ್ಲದ, ನಿಜವಾದ ಹಾಲು ಹಾಕಿದ ಟೀ ಕೊಡಿಸಿದೆ.

ನಾನು ಇಟ್ಟುಕೊಂಡಿರುವ ಲೆಕ್ಕ ಇಷ್ಟು. ಅಂಗಡಿಯದು ವಾರಕ್ಕೆ ಒಂದು. ಚಿಕ್ಕ ಲೋಟ, ಶೇಕಡಾ 30ರ ಸಿಹಿ, ಕ್ರೀಮರ್ ಬದಲು ಹಾಲು. ಮಧ್ಯಾಹ್ನ ಮೂರರ ಹೊತ್ತಿಗೆ, ಸಂಜೆ ತಿಂಡಿಯ ಬದಲಿಗೆ. ಊಟದ ಜೊತೆ ಇಲ್ಲ, ಊಟ ಆದ ಮೇಲೂ ಇಲ್ಲ. ಆ ರಾತ್ರಿ ಒಂದು ಸೌಟು ಅನ್ನ ಕಡಿಮೆ. ಟೀ ಸ್ಟ್ರಾಂಗ್ ಆಗಿರುವುದರಿಂದ ಸಂಜೆ ತಡವಾಗಿ ಕುಡಿದರೆ ನಿದ್ದೆಯೂ ಕೆಡುತ್ತದೆ. ಸಿಹಿ ಒಮ್ಮೆಲೇ ಇಳಿಸುವುದು ಕಷ್ಟ. ಮೊದಲು ಪೂರ್ತಿಯಿಂದ ಅರ್ಧಕ್ಕೆ ಬಂದೆ, ಅದು ಸಾಕು ಅನ್ನಿಸಿದ ಮೇಲೆ ಇನ್ನೂ ಕೆಳಗೆ.

ಇನ್ನೊಮ್ಮೆ ಆಸೆಯಾದರೆ ಮನೆಯಲ್ಲೇ ಮಾಡುತ್ತೇನೆ. ಒಬ್ಬರಿಗೆ 20 ಗ್ರಾಂ ಒಣ ಮುತ್ತು ಸಾಕು. ಹತ್ತು ಪಟ್ಟು ನೀರು ಚೆನ್ನಾಗಿ ಕುದಿಯುವಾಗ ಹಾಕಬೇಕು, ತಣ್ಣೀರಿಗೆ ಹಾಕಿದರೆ ಕರಗಿ ಗಂಜಿಯಾಗುತ್ತದೆ. ತೇಲಿ ಬಂದ ಮೇಲೆ ಸಣ್ಣ ಉರಿಯಲ್ಲಿ 25 ನಿಮಿಷ ಬೇಯಿಸಿ, ಉರಿ ಆರಿಸಿ ಮುಚ್ಚಿ ಇನ್ನೂ 25 ನಿಮಿಷ ಬಿಡುತ್ತೇನೆ. ಒಂದನ್ನು ಕಚ್ಚಿ ನೋಡಿ. ನಡುವೆ ಬಿಳಿ ಚುಕ್ಕೆ ಕಂಡರೆ ಇನ್ನೂ ಬೆಂದಿಲ್ಲ. ತೊಳೆದು ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಬೆಲ್ಲದ ಪುಡಿಯಲ್ಲಿ ಹೊರಳಿಸುತ್ತೇನೆ. ಬೆಲ್ಲವೆಂದು ಜಾಸ್ತಿ ಹಾಕುವ ಹಾಗಿಲ್ಲ, ಕ್ಯಾಲೊರಿ ಸಕ್ಕರೆಯಷ್ಟೇ. 200 ಮಿ.ಲೀ. ಸ್ಟ್ರಾಂಗ್ ಕಪ್ಪು ಟೀ, 100 ಮಿ.ಲೀ. ಹಾಲು, ಐಸ್. ಟೀಗೆ ಬೇರೆ ಸಕ್ಕರೆ ಇಲ್ಲ. ಒಟ್ಟು 170 ಕ್ಯಾಲೊರಿ ಆಸುಪಾಸು.

ಬೆಂದ ಮುತ್ತು ನಾಲ್ಕೈದು ಗಂಟೆಯಲ್ಲಿ ಮೆತ್ತಗಿರುವುದು ಹೋಗಿ ಗಟ್ಟಿಯಾಗುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಇನ್ನೂ ಬೇಗ. ಹಾಗಾಗಿ ಆ ಹೊತ್ತಿಗೆ ಬೇಕಾದಷ್ಟನ್ನೇ ತೂಗಿ ಬೇಯಿಸುತ್ತೇನೆ, ನಾಳೆಗೆಂದು ಉಳಿಸುವುದಿಲ್ಲ.