ಹೊಸ ಕೆಲಸದ ಪೋಸ್ಟು, ಎರಡು ಸಲ ಅಳಿಸಿ ಬರ್ದಿದ್ದು

6 ವರ್ಷ ಕಸ್ಟಮರ್ ಸಪೋರ್ಟಲ್ಲಿದ್ದು ಕೊನೆಗೂ ಡೇಟಾ ಅನಾಲಿಸ್ಟ್ ಕೆಲಸ ಸಿಕ್ತು, ಆಫರ್ ಲೆಟರ್ ಬಂದ ರಾತ್ರಿನೇ ಲಿಂಕ್ಡ್‌ಇನ್ನಲ್ಲಿ ಹಾಕ್ಬಿಡೋಣ ಅಂತ ಕೂತೆ. ಪುಣ್ಯಕ್ಕೆ ಹಾಕ್ಲಿಲ್ಲ. ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಇನ್ನೂ ಮುಗ್ದಿರ್ಲಿಲ್ಲ, ಹಳೆ ಆಫೀಸಲ್ಲಿ ನೋಟಿಸ್ ಪೀರಿಯಡ್ ಬೇರೆ ನಡೀತಿತ್ತು. ಸೇರಿ ಒಂದು ವಾರ ಆದ್ಮೇಲೆ ಹಾಕಿದ್ದು. ಪ್ರೊಫೈಲಲ್ಲಿ ಹೊಸ ಹುದ್ದೆ ಸೇರಿಸುವಾಗ ಎಲ್ರಿಗೂ ತಿಳಿಸೋ ಆಪ್ಷನ್ನನ್ನೂ ಆಫ್ ಮಾಡ್ದೆ, ಇಲ್ಲಾಂದ್ರೆ ನಾನು ಬರೆಯೋ ಮುಂಚೆ ಅದೇ ಸುದ್ದಿ ಹೇಳ್ಬಿಡುತ್ತೆ.

ಮೊದಲ ಡ್ರಾಫ್ಟ್ ಶುರುವಾಗಿದ್ದು "ಹೇಳಿಕೊಳ್ಳಲು ಹೆಮ್ಮೆಯಾಗುತ್ತಿದೆ" ಅಂತ. ಫೀಡಲ್ಲಿ ಮೊದಲ ಎರಡ್ಮೂರು ಸಾಲು ಮಾತ್ರ ಕಾಣೋದು, ಅಷ್ಟೂ ಜಾಗ ನನ್ನ ಹೆಮ್ಮೆಗೇ ಹೋಗಿತ್ತು. ಕೆಳಗೆ 14 ಜನರ ಟ್ಯಾಗು. ಮದುವೆ ಕಾರ್ಡಿನ ಹಿಂದಿನ ಹೆಸರುಗಳ ಥರ, ಯಾರು ಏನು ಮಾಡಿದ್ರು ಅಂತ ಒಂದಕ್ಷರ ಇಲ್ಲ. ಎರಡನೇದ್ರಲ್ಲಿ "ನನ್ನಂಥ ಸಾಮಾನ್ಯನಿಗೂ" ಅಂತ ಬರ್ದಿದ್ದೆ, ಅದು ಇನ್ನೂ ಕೆಟ್ಟದು, ಹೊಗಳಿ ಅಂತ ಬಾಯ್ಬಿಟ್ಟು ಕೇಳ್ದಂಗೆ.

ಆಮೇಲೆ ನನಗೇ ಕೇಳ್ಕೊಂಡೆ, ಈ ಜನ ಇಲ್ದಿದ್ರೆ ಯಾವ ಕೆಲಸ ನಿಂತುಹೋಗ್ತಿತ್ತು? 14ರಲ್ಲಿ ಇಬ್ರೇ ಉಳಿದ್ರು. ಇಬ್ರಿಗೂ ಮೆಸೇಜ್ ಮಾಡಿ ಹೆಸರು ಹಾಕ್ಲಾ ಅಂತ ಕೇಳ್ದೆ. ರೆಫರ್ ಮಾಡಿದವರು "ಬೇಡಪ್ಪ, ನಾಳೆಯಿಂದ ಎಲ್ರೂ ನನ್ನ ಹತ್ರ ರೆಫರಲ್ ಕೇಳ್ತಾರೆ" ಅಂದ್ರು. ಅವರಿಗೆ ಫೋನಲ್ಲೇ ಥ್ಯಾಂಕ್ಸ್ ಹೇಳ್ದೆ. ಉಳಿದ 12 ಜನಕ್ಕೂ ಒಬ್ಬೊಬ್ರಿಗೇ ಎರಡೆರಡು ಸಾಲು ಕಳಿಸ್ದೆ.

ಹಾಕಿದ್ದು ಇಷ್ಟೇ:

"6 ವರ್ಷ ಗ್ರಾಹಕರ ಕಂಪ್ಲೇಂಟ್ ಕೇಳ್ತಿದ್ದೆ, ಹೋದ ಸೋಮವಾರದಿಂದ ಅಂಥ ಕಂಪ್ಲೇಂಟ್‌ಗಳ ಡೇಟಾ ನೋಡೋ ಕೆಲಸಕ್ಕೆ ಸೇರಿದೀನಿ. ಅದಕ್ಕೂ ಮುಂಚೆ 11 ಕಡೆ ರಿಜೆಕ್ಟ್ ಆದೆ, ಹೆಚ್ಚಿನವು ಎಸ್‌ಕ್ಯುಎಲ್ ರೌಂಡಲ್ಲಿ. ನನ್ನ ಹಳೇ ಟೀಮ್ ಲೀಡ್ 3 ಭಾನುವಾರ ಜೊತೆಗೆ ಕೂತು, ಬರೆದ ಕ್ವೆರಿ ಯಾಕೆ ಹಾಗಿದೆ ಅಂತ ಬಾಯಲ್ಲಿ ಬಿಡಿಸಿ ಹೇಳೋ ತನಕ ಎದ್ದೇಳೋಕೆ ಬಿಡ್ಲಿಲ್ಲ. 12ನೇ ಕಡೆ ಕೇಳಿದ್ದೂ ಅದನ್ನೇ. ಸಪೋರ್ಟಿಂದ ಈ ಕಡೆ ಬರೋಕೆ ನೋಡ್ತಿರೋರು ಮೆಸೇಜ್ ಮಾಡಿ, ನಾನು ಪ್ರಾಕ್ಟೀಸ್ ಮಾಡಿದ ಪ್ರಶ್ನೆಗಳನ್ನ ಕಳಿಸ್ತೀನಿ."

ಟೀಮ್ ಲೀಡ್ ಹೆಸರು ಟ್ಯಾಗ್ ಮಾಡಿದ್ದೆ, ಇಲ್ಲಿ ತೆಗ್ದಿದೀನಿ. ಸಂಬಳ, ಕಂಪನಿ ಎಷ್ಟು ದೊಡ್ಡದು, ಎಷ್ಟು ಜನರಲ್ಲಿ ನನ್ನನ್ನ ಆರಿಸಿದ್ರು ಅನ್ನೋದು ಯಾವ್ದೂ ಇಲ್ಲ. 11 ಅನ್ನೋ ನಂಬರ್ ಇಡ್ಬೇಕಾ ಅಂತ ತುಂಬ ಯೋಚಿಸ್ದೆ, ಕಷ್ಟ ತೋರಿಸ್ಕೊಳ್ಳೋದೂ ಒಂಥರಾ ಜಂಭಾನೇ ಅಲ್ವಾ, ಆದ್ರೆ ಅದು ಇಲ್ದೆ 3 ಭಾನುವಾರದ ಬೆಲೆ ಗೊತ್ತಾಗಲ್ಲ ಅಂತ ಉಳಿಸ್ಕೊಂಡೆ.

ಕಂಗ್ರಾಟ್ಸ್ ಅಂದೋರು ಇದ್ರು, ಆದ್ರೆ ಪ್ರಶ್ನೆಗಳ ಪಟ್ಟಿ ಕೇಳಿ ಇನ್‌ಬಾಕ್ಸಿಗೆ ಬಂದವರೇ ಜಾಸ್ತಿ. ಕಳಿಸ್ತೀನಿ ಅಂತ ಬರ್ದ್ಮೇಲೆ ಕಳಿಸ್ಲೇಬೇಕಲ್ಲ, ಎರಡು ಸಂಜೆ ಅದಕ್ಕೇ ಹೋಯ್ತು. ಟೀಮ್ ಲೀಡ್ ಮಾತ್ರ ಕೆಳಗೆ ಕಾಮೆಂಟ್ ಹಾಕಿದ್ರು: "3 ಅಲ್ಲ, 4 ಭಾನುವಾರ."