ಪಕ್ಕದಲ್ಲಿ ಕೂರಿಸಿದರೆ ಸಾಲದು: ಜೋಡಿಸಿದ ಫೋಟೊದಲ್ಲಿ ಕತ್ತಿನ ಓರೆ ಮತ್ತು ನೋಟ ಹೊಂದಿಸುವ ಬಗೆ

ಗದಗಿನ ನಮ್ಮ ಸ್ಟುಡಿಯೊಗೆ ಒಬ್ಬ ಹೆಣ್ಣುಮಗಳು ಎರಡು ಫೋಟೊ ತಂದಿದ್ದರು. ಒಂದರಲ್ಲಿ ಗೃಹಪ್ರವೇಶದ ದಿನ ಕುರ್ಚಿಯಲ್ಲಿ ಕುಳಿತ ತಾಯಿ, ಇನ್ನೊಂದರಲ್ಲಿ ಯಾವುದೋ ಮದುವೆಯಲ್ಲಿ ತೆಗೆದ, ಈಗ ಇಲ್ಲದ ತಂದೆ. ಬಣ್ಣ, ಬೆಳಕು, ಅಳತೆ ಎಲ್ಲವನ್ನೂ ಸರಿಪಡಿಸಿ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿ ತೋರಿಸಿದಾಗ ಅವರು, “ಅಪ್ಪಾರು ಅವ್ವನ ಮ್ಯಾಲ ಮುನಿಸಿಕೊಂಡಂಗ ಕಾಣ್ತಾರಲ್ರೀ” ಎಂದರು. ಅವರ ಮಾತು ನಿಜವಾಗಿತ್ತು.

ಮೊದಲು ನೋಡಬೇಕಾದದ್ದು ಮುಖ ಎಡಕ್ಕೋ ಬಲಕ್ಕೋ ಎಷ್ಟು ತಿರುಗಿದೆ ಎಂಬುದನ್ನು. ಒಂದು ಕಿವಿ ಪೂರ್ತಿ ಕಂಡು ಇನ್ನೊಂದು ಮರೆಯಾಗಿದ್ದರೆ, ಆ ತಿರುವನ್ನು ಸಾಮಾನ್ಯ ಉಪಕರಣಗಳಿಂದ ನಂಬುವಂತೆ ಬದಲಿಸುವುದು ಕಷ್ಟ. ಚಿತ್ರವನ್ನು ಕನ್ನಡಿಯಂತೆ ಮಗುಚಿದರೆ ಅಂಗಿಯ ಜೇಬು, ಬೈತಲೆ, ಬೆಳಕಿನ ದಿಕ್ಕು ಎಲ್ಲವೂ ಅದಲುಬದಲಾಗುತ್ತವೆ ಮತ್ತು ಮನೆಯವರು ಅದನ್ನು ಕೂಡಲೇ ಗುರುತಿಸುತ್ತಾರೆ. ಆದ್ದರಿಂದ ನಾನು ತಂದೆಯ ಬೇರೆ ಫೋಟೊಗಳನ್ನು ತರಿಸಿ, ಮುಖ ಬಹುಮಟ್ಟಿಗೆ ನೇರವಾಗಿದ್ದ ಒಂದನ್ನು ಆರಿಸಿಕೊಂಡೆ.

ಆಮೇಲೆ ಕತ್ತಿನ ಓರೆ. ಫೋಟೊಶಾಪ್‌ನ ರೂಲರ್‌ನಿಂದ ಒಂದು ಕಣ್ಣಿನ ಹೊರತುದಿಯಿಂದ ಇನ್ನೊಂದರ ಹೊರತುದಿಗೆ ಗೆರೆ ಎಳೆದರೆ, ಮೇಲಿನ ಪಟ್ಟಿಯಲ್ಲಿ A ಎಂಬಲ್ಲಿ ಕೋನ ಕಾಣುತ್ತದೆ. ತಾಯಿಯ ತಲೆ 4 ಡಿಗ್ರಿಯಷ್ಟು ಪತಿಯ ಕಡೆಗೆ ವಾಲಿತ್ತು. ತಂದೆಯದು ಹೊಸದಾಗಿ ಆರಿಸಿದ ಫೋಟೊದಲ್ಲೂ 5 ಡಿಗ್ರಿ ಆಚೆಗೆ ವಾಲಿತ್ತು. ಹೀಗೆ ಒಬ್ಬರು ಹತ್ತಿರಕ್ಕೆ ವಾಲಿ ಇನ್ನೊಬ್ಬರು ದೂರಕ್ಕೆ ವಾಲಿದಾಗಲೇ ಮುನಿಸಿನಂತೆ ಕಾಣುವುದು. ತಂದೆಯ ತಲೆಯನ್ನು ಮಾತ್ರ ಬೇರೆ ಲೇಯರ್‌ಗೆ ತೆಗೆದುಕೊಂಡು Ctrl+T ಒತ್ತಿ, ತಿರುಗುವ ಕೇಂದ್ರವನ್ನು ಮುಖದ ನಡುವಿನಿಂದ ಗಂಟಲ ಗುಳಿಗೆ ಸರಿಸಿದೆ. (ಹೊಸ ಆವೃತ್ತಿಗಳಲ್ಲಿ ಈ ಕೇಂದ್ರದ ಗುರುತು ಮರೆಯಾಗಿರುತ್ತದೆ, ಮೇಲಿನ ಪಟ್ಟಿಯಲ್ಲಿ ಅದನ್ನು ಆನ್ ಮಾಡಿಕೊಳ್ಳಬೇಕು.) ಕತ್ತು ತಿರುಗುವುದು ಬುಡದಿಂದಲೇ ಆದ್ದರಿಂದ, ಮುಖದ ನಡುವೆ ಕೇಂದ್ರವಿಟ್ಟು ತಿರುಗಿಸಿದರೆ ಗದ್ದ ಕಾಲರಿನಿಂದ ಪಕ್ಕಕ್ಕೆ ಜಾರಿದಂತೆ ಕಾಣುತ್ತದೆ. 5 ಡಿಗ್ರಿ ತಿರುಗಿಸಿ ತಲೆಯನ್ನು ನೆಟ್ಟಗೆ ನಿಲ್ಲಿಸಿದೆ. ಅದಕ್ಕಿಂತ ಹೆಚ್ಚು ತಿರುಗಿಸಲು ಹೋದರೆ ಕತ್ತಿನ ನೆರಿಗೆಗಳು ಸುಳ್ಳು ಹೇಳತೊಡಗುತ್ತವೆ. ಕಾಲರಿನ ಬಳಿ ಉಳಿದ ಸಣ್ಣ ಸಂದನ್ನು ಕ್ಲೋನ್ ಸ್ಟ್ಯಾಂಪ್‌ನಿಂದ ಮುಚ್ಚಿದೆ.

ನೋಟವನ್ನು ಕೊನೆಗೇ ಸರಿಪಡಿಸಬೇಕು. ಅದೇ ಕಣ್ಣುಗಳನ್ನು ಬೇರೆ ದಿಕ್ಕಿಗೆ ತಿರುಗಿದ ಮುಖದಲ್ಲಿಟ್ಟರೆ ನೋಟವೇ ಬೇರೆಯಾಗಿ ಕಾಣುತ್ತದೆಂದು ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ವೊಲಾಸ್ಟನ್ 1824ರಲ್ಲೇ ಚಿತ್ರಗಳ ಮೂಲಕ ತೋರಿಸಿದ್ದರು. ತಾಯಿ ಕ್ಯಾಮೆರಾವನ್ನೇ ನೋಡುತ್ತಿದ್ದರು. ತಂದೆಯ ಕಣ್ಣುಗಳಲ್ಲಿ ಕರಿಗುಡ್ಡೆಯ ಎಡಕ್ಕೆ 9 ಪಿಕ್ಸೆಲ್, ಬಲಕ್ಕೆ 5 ಪಿಕ್ಸೆಲ್ ಬಿಳಿ ಇತ್ತು. ಕರಿಗುಡ್ಡೆಯನ್ನು ನಕಲು ಮಾಡಿ, ಹಳೆಯ ಜಾಗವನ್ನು ಬಿಳಿಯಿಂದ ತುಂಬಿ, 2 ಪಿಕ್ಸೆಲ್ ಎಡಕ್ಕೆ ಸರಿಸಿದಾಗ ಎರಡೂ ಬದಿ 7 ಆಯಿತು. ಮುಖ ನೇರವಾಗಿದ್ದುದರಿಂದ ಮಾತ್ರ ಈ ಸಮಪಾಲು ಸರಿಹೊಂದಿತು. ಓರೆ ಮುಖದಲ್ಲಿ ಹೊಂದುವುದಿಲ್ಲ. ಜೊತೆಗೆ ಸರಿದ ಬೆಳಕಿನ ಚುಕ್ಕೆಯನ್ನು ಅಳಿಸಿ, ತಾಯಿಯ ಕಣ್ಣಲ್ಲಿ ಅದು ಇರುವ ಕಡೆಗೇ ಮತ್ತೆ ಇಟ್ಟೆ.

ತಗ್ಗಿದ ನೋಟಕ್ಕೆ ಈ ಉಪಾಯ ನಡೆಯುವುದಿಲ್ಲ. ಕಣ್ಣು ಕೆಳಗಿಳಿದಾಗ ಮೇಲಿನ ರೆಪ್ಪೆಯೂ ಇಳಿದಿರುತ್ತದೆ; ಕರಿಗುಡ್ಡೆಯನ್ನಷ್ಟೇ ಎತ್ತಿದರೆ ಅದು ರೆಪ್ಪೆಯಡಿ ಮುಚ್ಚಿಹೋಗಿ ನಿದ್ದೆಗಣ್ಣಾಗುತ್ತದೆ. ಅಂಥ ಫೋಟೊ ಬಂದರೆ ಕೆಲಸ ಹಿಡಿಯುವ ಮುನ್ನವೇ ಬೇರೊಂದನ್ನು ಕೇಳುತ್ತೇನೆ.